ಹೋಲಿಸಿ ಸಾರ್ಟ್ ಮಾಡುವುದಾದರೆ n log n ಗಿಂತ ಕೆಳಗೆ ಇಳಿಯಲು ಆಗುವುದಿಲ್ಲ ಅಂತಾರಲ್ಲ, ಅದು ಹೇಗೆ ಗೊತ್ತು?

ನವೀನ_ಹೊಸಬ

ಮರ್ಜ್ ಸಾರ್ಟ್, ಹೀಪ್ ಸಾರ್ಟ್ ಎರಡೂ n log n ಅಂತ ಓದಿದ್ದೇನೆ. ಯಾಕೆ ಅಂತಲೂ ಗೊತ್ತು. ಸಿಕ್ಕಿಹಾಕಿಕೊಂಡಿರುವುದು ಅದರ ಮುಂದಿನ ಸಾಲಿನಲ್ಲಿ. ಎರಡೆರಡು ಐಟಂ ಹೋಲಿಸಿ ನೋಡಿ ಸಾರ್ಟ್ ಮಾಡುವ ಯಾವ ಅಲ್ಗಾರಿದಮ್ ಆದರೂ ಇಷ್ಟು ಹೋಲಿಕೆ ಬೇಕೇ ಬೇಕು ಅಂತ ಪಾಠದಲ್ಲಿ ಬರುತ್ತದೆ. ಇವತ್ತು ಇರುವ ಅಲ್ಗಾರಿದಮ್‌ಗಳ ಬಗ್ಗೆ ಹಾಗೆ ಹೇಳಿದರೆ ಸರಿ, ಒಂದೊಂದನ್ನೇ ನೋಡಿ ಹೇಳಬಹುದು. ಆದರೆ ಇನ್ನೂ ಯಾರೂ ಬರೆಯದೇ ಇರುವ ಅಲ್ಗಾರಿದಮ್ ಬಗ್ಗೆ ಈಗಲೇ ಹೇಗೆ ಹೇಳುತ್ತಾರೆ? ಡಿಸಿಷನ್ ಟ್ರೀ ಅಂತ ಒಂದು ಚಿತ್ರ ತೋರಿಸಿ ಮುಗಿಸುತ್ತಾರೆ. ಆ ಟ್ರೀ ಎಲ್ಲಿಂದ ಬಂತು, ಅದಕ್ಕೂ ನನ್ನ ಕೋಡಿಗೂ ಏನು ಸಂಬಂಧ ಅಂತ ಗೊತ್ತಾಗಲಿಲ್ಲ.

ಮಂಜು_ಬ್ಯಾಕೆಂಡ್

ಇದು ಅಷ್ಟು ಕಷ್ಟ ಏನಿಲ್ಲ ನವೀನ್. ಸಾರ್ಟ್ ಆಗಿರುವ ಪಟ್ಟಿಯೊಳಗೆ ಒಂದು ಹೊಸ ಐಟಂಗೆ ಜಾಗ ಹುಡುಕಬೇಕು ಅಂದರೆ ಬೈನರಿ ಸರ್ಚ್ ಮಾಡಬೇಕು, ಅದಕ್ಕೆ log n ಹೋಲಿಕೆ. ಅದಕ್ಕಿಂತ ಕಡಿಮೆಯಲ್ಲಿ ಜಾಗ ಸಿಗುವುದಿಲ್ಲ. ಅಂಥ ಐಟಂಗಳು n ಇವೆ. ಗುಣಿಸಿದರೆ n log n. ಟ್ರೀ ಎಲ್ಲ ಸುಮ್ನೆ ಅಲಂಕಾರ.

ಸುಧಾ_ಸಾಗರ

ಮಂಜು, ನೀವು ಹೇಳಿದ್ದರಲ್ಲಿ ಅರ್ಧ ಗಟ್ಟಿಯಾಗಿದೆ. ಅಷ್ಟು ಹೋಲಿಕೆಯಲ್ಲಿ ಕೆಲಸ ಮುಗಿಯುತ್ತದೆ ಅನ್ನುವುದು ಅದರಿಂದ ಸಿದ್ಧವಾಗುತ್ತದೆ. ಅಷ್ಟು ಬೇಕೇ ಬೇಕು ಅನ್ನುವುದು ಸಿದ್ಧವಾಗುವುದಿಲ್ಲ. ಒಂದೊಂದೇ ಐಟಂ ತಂದು ಅದರ ಜಾಗಕ್ಕೆ ಕೂರಿಸಬೇಕು ಅಂತ ಯಾರು ಹೇಳಿದರು? ಹಾಗೆ ಕೂರಿಸುವುದು ಒಂದು ವಿಧಾನ, ಅಷ್ಟೇ. ಒಂದೇ ಹೋಲಿಕೆಯಿಂದ ನಾಲ್ಕಾರು ಐಟಂಗಳ ಬಗ್ಗೆ ಒಟ್ಟಿಗೆ ಏನಾದರೂ ತಿಳಿಯುವಂತೆ ಪ್ರಶ್ನೆಗಳನ್ನು ಹೆಣೆಯಬಹುದಲ್ಲ. ನವೀನ್ ಕೇಳುತ್ತಿರುವುದು ಅದನ್ನೇ: ಎಲ್ಲ ವಿಧಾನಗಳಿಗೂ ಸೇರಿ ಒಂದೇ ಮಾತು ಹೇಗೆ ಹೇಳುವುದು?

ಮೂರು ಐಟಂ ತೆಗೆದುಕೊಳ್ಳೋಣ, `a`, `b`, `c`, ಯಾವುದೂ ಒಂದಕ್ಕೊಂದು ಸಮ ಅಲ್ಲ. ಒಂದು ಸಾಧಾರಣ ಇನ್ಸರ್ಷನ್ ಸಾರ್ಟ್ ಇವುಗಳ ಮೇಲೆ ಓಡುವಾಗ ಕೇಳುವ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳೋಣ. ಲೂಪ್, ಇಂಡೆಕ್ಸ್, ಅದಲುಬದಲು ಎಲ್ಲ ಬಿಟ್ಟುಬಿಡಿ.

```
a < b ?
├─ ಹೌದು: b < c ?
│   ├─ ಹೌದು: a b c
│   └─ ಇಲ್ಲ: a < c ?
│       ├─ ಹೌದು: a c b
│       └─ ಇಲ್ಲ: c a b
└─ ಇಲ್ಲ: a < c ?
    ├─ ಹೌದು: b a c
    └─ ಇಲ್ಲ: b < c ?
        ├─ ಹೌದು: b c a
        └─ ಇಲ್ಲ: c b a
```

ಡಿಸಿಷನ್ ಟ್ರೀ ಅಂದರೆ ಇದೇ. ನಿಮ್ಮ ಕೋಡ್ ಯಾವ ಉತ್ತರ ಬಂದರೆ ಮುಂದೆ ಏನು ಕೇಳುತ್ತದೆ ಅನ್ನುವುದರ ಪೂರ್ತಿ ದಾಖಲೆ. ನೀವು ಕ್ವಿಕ್‌ಸಾರ್ಟ್ ಬರೆದರೆ ಬೇರೆ ಟ್ರೀ ಬರುತ್ತದೆ, ಹೀಪ್ ಸಾರ್ಟ್ ಬರೆದರೆ ಮತ್ತೊಂದು. ಆದರೆ ಪ್ರತಿ ಅಲ್ಗಾರಿದಮ್‌ಗೂ, ಪ್ರತಿ n ಗೂ ಒಂದು ಟ್ರೀ ಇದ್ದೇ ಇರುತ್ತದೆ. ನಾಳೆ ಬರೆಯುವ ಅಲ್ಗಾರಿದಮ್‌ಗೂ ಇರುತ್ತದೆ, ಯಾಕೆಂದರೆ ಅದು ಕೂಡ ಡೇಟಾದ ಬಗ್ಗೆ ತಿಳಿಯುವುದು "ಇದು ಅದಕ್ಕಿಂತ ಚಿಕ್ಕದಾ?" ಅನ್ನುವ ಪ್ರಶ್ನೆಯಿಂದ ಮಾತ್ರ. ಅಲ್ಲಿಯವರೆಗೆ ಬಂದ ಹೌದು, ಇಲ್ಲಗಳ ಸಾಲು ಒಂದೇ ಆಗಿದ್ದರೆ ಅದು ಮುಂದೆ ಮಾಡುವ ಕೆಲಸವೂ ಒಂದೇ. ಬೇರೆ ಮಾಡಲು ಅದಕ್ಕೆ ಕಾರಣವೇ ಇಲ್ಲ.

ಇನ್ನು ಎಲೆಗಳನ್ನು ಎಣಿಸಿ. ಮೂರು ಐಟಂ ಇರಬಹುದಾದ ಕ್ರಮಗಳು 6. ಎಲೆಗಳೂ 6. ಇದು ಕಾಕತಾಳೀಯ ಅಲ್ಲ. ಎರಡು ಮಟ್ಟದ ಟ್ರೀಗೆ ಜಾಸ್ತಿ ಅಂದರೆ 4 ಎಲೆ. ಹಾಗಾಗಿ ಎರಡೇ ಹೋಲಿಕೆಯಲ್ಲಿ ಯಾವಾಗಲೂ ಮುಗಿಯುವ ಸಾರ್ಟ್ ಇಲ್ಲ. ಯಾವ ಬುದ್ಧಿವಂತಿಕೆಯೂ 4 ಎಲೆಯಲ್ಲಿ 6 ಕ್ರಮಗಳನ್ನು ಹಿಡಿಸಲಾರದು.

ನವೀನ_ಹೊಸಬ

ಈಗ ಸ್ವಲ್ಪ ಬೆಳಕು ಬಿತ್ತು ಮೇಡಂ. ಒಂದು ಅನುಮಾನ ಇದೆ. ಎರಡು ಬೇರೆ ಬೇರೆ ಕ್ರಮಗಳು ಒಂದೇ ಎಲೆಗೆ ಬರಬಾರದು ಅಂತ ಯಾಕೆ? ಕೊನೆಗೆ ಸಾರ್ಟ್ ಆದ ಪಟ್ಟಿ ಎರಡಕ್ಕೂ ಒಂದೇ ತಾನೆ? ಇನ್‌ಪುಟ್ `2 1 3` ಇರಲಿ, `3 1 2` ಇರಲಿ, ಔಟ್‌ಪುಟ್ `1 2 3`. ಹಾಗಾದರೆ 6 ಎಲೆ ಯಾಕೆ ಬೇಕು, ಒಂದೇ ಸಾಕಲ್ಲ?

ಸುಧಾ_ಸಾಗರ

ಒಳ್ಳೆಯ ಪ್ರಶ್ನೆ, ಇದನ್ನು ದಾಟದೆ ಮುಂದೆ ಹೋಗಬಾರದು. ಎಲೆಯಲ್ಲಿ ಇರುವುದು `1 2 3` ಅನ್ನುವ ಸಂಖ್ಯೆಗಳಲ್ಲ. "ಎರಡನೇ ಜಾಗದಲ್ಲಿದ್ದದ್ದನ್ನು ಮೊದಲು ಇಡು, ಮೊದಲನೇದನ್ನು ನಂತರ ಇಡು, ಮೂರನೇದು ಅಲ್ಲೇ ಇರಲಿ" ಅನ್ನುವ ಸ್ಥಳಾಂತರದ ಆದೇಶ. ಅಲ್ಗಾರಿದಮ್‌ಗೆ ಸಂಖ್ಯೆ ಕಾಣುವುದಿಲ್ಲ, ಜಾಗ ಮಾತ್ರ ಗೊತ್ತು. `2 1 3` ಮತ್ತು `3 1 2` ಎರಡಕ್ಕೂ ಹೌದು, ಇಲ್ಲಗಳ ಒಂದೇ ಸಾಲು ಬಂದರೆ ಎರಡರ ಮೇಲೂ ಒಂದೇ ಸ್ಥಳಾಂತರ ನಡೆಯುತ್ತದೆ. ಮೇಲಿನ ಆದೇಶವನ್ನು ಎರಡಕ್ಕೂ ಹಾಕಿ ನೋಡಿ. ಮೊದಲನೆಯದು `1 2 3` ಆಗುತ್ತದೆ, ಎರಡನೆಯದು `1 3 2` ಆಗುತ್ತದೆ. ಒಂದಕ್ಕೆ ಸರಿ ಹೋದ ಆದೇಶ ಇನ್ನೊಂದಕ್ಕೆ ತಪ್ಪೇ ಆಗಬೇಕು. ಅದಕ್ಕೇ ಪ್ರತಿ ಕ್ರಮಕ್ಕೂ ತನ್ನದೇ ಎಲೆ ಬೇಕು. n ಐಟಂ ಇದ್ದರೆ ಕನಿಷ್ಠ `n!` ಎಲೆ.

ಇದೇ ಕಾರಣಕ್ಕೆ ತಪ್ಪು ಸಾರ್ಟ್ ಕೋಡ್ ಹಿಡಿಯಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಯಾರಾದರೂ 4 ಐಟಂ ಯಾವಾಗಲೂ 4 ಹೋಲಿಕೆಯಲ್ಲಿ ಮುಗಿಸುತ್ತೇನೆ ಅಂದರೆ ಕೋಡ್ ಓದುವುದೇ ಬೇಡ. 24 ಕ್ರಮ ಇವೆ, 4 ಹೋಲಿಕೆಗೆ ಇರುವುದು 16 ಎಲೆ. ಕನಿಷ್ಠ 8 ಇನ್‌ಪುಟ್‌ಗಳಲ್ಲಿ ಅದು ತಪ್ಪು ಉತ್ತರ ಕೊಡುತ್ತದೆ. ಎಲ್ಲ 24 ಹಾಕಿ ಓಡಿಸಿದರೆ ಸಿಕ್ಕಿಬೀಳುತ್ತದೆ.

ಪವಿ_ತುಮಕೂರು

ಇದನ್ನು ಓದಿ ಗಾಬರಿ ಆಯಿತು. 20 ಐಟಂ ಇದ್ದರೆ `20!` ಅಂದರೆ 2432902008176640000 ಎಲೆ. ಇಷ್ಟು ದೊಡ್ಡ ಟ್ರೀ ಯಾವ ಮೆಮೊರಿಯಲ್ಲಿ ಇಡುತ್ತಾರೆ? ಇಂಥದ್ದನ್ನು ಕಟ್ಟಿ ಸಾರ್ಟ್ ಮಾಡುವ ಬದಲು ಬಬಲ್ ಸಾರ್ಟೇ ವಾಸಿ ಅಲ್ವಾ?

ಸುಧಾ_ಸಾಗರ

ಪವಿ, ಟ್ರೀಯನ್ನು ಯಾರೂ ಕಟ್ಟುವುದಿಲ್ಲ. ಪ್ರೋಗ್ರಾಂ ಓಡುವಾಗ ಬೇರಿನಿಂದ ಒಂದು ಎಲೆಯವರೆಗಿನ ಒಂದೇ ದಾರಿಯಲ್ಲಿ ನಡೆಯುತ್ತದೆ, ಉಳಿದ ಕವಲುಗಳು ಬೇರೆ ಇನ್‌ಪುಟ್ ಬಂದಿದ್ದರೆ ಅಂತ. ಬಬಲ್ ಸಾರ್ಟ್‌ಗೂ ಇಂಥದ್ದೇ ಟ್ರೀ ಇದೆ, ಅದು ಇನ್ನೂ ಉದ್ದ. ನಾವು ಕೇಳುವುದು ಒಂದನ್ನೇ: ಅತಿ ಉದ್ದದ ದಾರಿ ಎಷ್ಟು ಉದ್ದ ಇರಲೇಬೇಕು?

ನವೀನ_ಹೊಸಬ

ಅಂದರೆ h ಮಟ್ಟ ಇದ್ದರೆ ಎಲೆ ಜಾಸ್ತಿ ಅಂದರೆ `2^h`. ಅದು `n!` ಆದರೂ ಇರಬೇಕು. ಹಾಗಾಗಿ h ಕನಿಷ್ಠ `log2(n!)`. ಇಲ್ಲಿಯವರೆಗೆ ಸರಿ. ಈ `log2(n!)` ಯಾವಾಗ `n log n` ಆಯಿತು? ಅಲ್ಲಿ ಸ್ಟರ್ಲಿಂಗ್ ಸೂತ್ರ ಅಂತ ಒಂದು ಬಂದು ನನ್ನನ್ನು ಹೊರಗೆ ಹಾಕಿತು.

ಕರಾವಳಿ_ಕೋಡರ್

ಸ್ಟರ್ಲಿಂಗ್ ಬೇಡವೇ ಬೇಡ. `1000!` ತೆಗೆದುಕೊಳ್ಳಿ. 1 ರಿಂದ 1000 ದವರೆಗೆ ಗುಣಾಕಾರ. ಚಿಕ್ಕ ಅರ್ಧವನ್ನು ಪೂರ್ತಿ ಮರೆತುಬಿಡಿ. 501 ರಿಂದ 1000 ದವರೆಗೆ 500 ಸಂಖ್ಯೆ ಇವೆ, ಎಲ್ಲವೂ 500 ಕ್ಕಿಂತ ದೊಡ್ಡವು. ಹಾಗಾಗಿ `1000!` ಅನ್ನುವುದು `500^500` ಗಿಂತ ದೊಡ್ಡದು. log ಹಾಕಿದರೆ 500 ಸಲ `log2(500)`, ಅದು ಸುಮಾರು 8.97, ಒಟ್ಟು 4482 ಕ್ಕಿಂತ ಜಾಸ್ತಿ. ಯಾವ n ಗೂ ಇದೇ ರೀತಿ, ಕನಿಷ್ಠ `(n/2) * log2(n/2)`. ಅದು n log n ಜಾತಿಗೇ ಸೇರಿದ್ದು, ಮುಂದೆ ಒಂದು ಅರ್ಧ ಇದೆ ಅಷ್ಟೇ.

ಈ ಲೆಕ್ಕ ತುಂಬಾ ಒರಟು. ಸರಿಯಾಗಿ ಮಾಡಿದರೆ `log2(1000!)` ಸುಮಾರು 8529.4, ಅಂದರೆ ಕನಿಷ್ಠ 8530 ಹೋಲಿಕೆ. ಮರ್ಜ್ ಸಾರ್ಟ್ 1000 ಐಟಂಗೆ ಅತಿ ಕೆಟ್ಟ ಸಂದರ್ಭದಲ್ಲಿ ತೆಗೆದುಕೊಳ್ಳುವುದು 8977. ಈ ಎರಡು ಸಂಖ್ಯೆ ಪಕ್ಕಪಕ್ಕ ನೋಡಿದಾಗ ನನಗೆ ತುಂಬಾ ಖುಷಿ ಆಗಿತ್ತು. ಮಧ್ಯೆ ಉಳಿದಿರುವುದು 447 ಮಾತ್ರ. ಎಷ್ಟೇ ಬುದ್ಧಿ ಉಪಯೋಗಿಸಿದರೂ ಅದರೊಳಗೇ ಉಳಿಸಬೇಕು.

ಮಂಜು_ಬ್ಯಾಕೆಂಡ್

ಸರಿ, ಹಾಗಾದರೆ ಚಿಕ್ಕದರಲ್ಲೇ ಪರೀಕ್ಷೆ ಮಾಡೋಣ. 5 ಐಟಂ. `5!` ಅಂದರೆ 120, `2^7` ಅಂದರೆ 128, ಹಾಗಾಗಿ ಟ್ರೀ ಪ್ರಕಾರ 7 ಹೋಲಿಕೆ. ಬೈನರಿ ಇನ್ಸರ್ಷನ್ ಕೆಟ್ಟ ಸಂದರ್ಭದಲ್ಲಿ 1+2+2+3, ಒಟ್ಟು 8. ಮರ್ಜ್ ಸಾರ್ಟ್ ಕೂಡ 8. ನಾನು ಎಷ್ಟು ತಿರುಗಿಸಿ ಮುರುಗಿಸಿ ಬರೆದರೂ 8 ಬರುತ್ತದೆ. ಹಾಗಾದರೆ ನಿಜವಾದ ಮಿತಿ 8 ಇರಬೇಕು, ಟ್ರೀ ಲೆಕ್ಕ ಸುಮ್ನೆ ಅಂದಾಜು.

ಸುಧಾ_ಸಾಗರ

7 ರಲ್ಲಿ ಆಗುತ್ತದೆ ಮಂಜು, 1956 ರಲ್ಲೇ ಡೆಮುತ್ ಅನ್ನುವವರು ಸ್ಟ್ಯಾನ್‌ಫರ್ಡ್‌ನ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದಾರೆ. ಪೂರ್ತಿ ಮಾಡಿ ನೋಡೋಣ, ಯಾಕೆಂದರೆ ಟ್ರೀ ಲೆಕ್ಕ ಮುಂದಿನ ಪ್ರಶ್ನೆ ಯಾವುದಿರಬೇಕು ಅಂತಲೂ ಇಲ್ಲಿ ದಾರಿ ತೋರಿಸುತ್ತದೆ.

ಮೊದಲು ಬೈನರಿ ಇನ್ಸರ್ಷನ್ ಎಲ್ಲಿ ಸೋರುತ್ತದೆ ನೋಡಿ. ಎರಡು ಐಟಂ ಸಾಲಿನಲ್ಲಿದ್ದಾಗ ಮೂರನೆಯದಕ್ಕೆ 3 ಸಂದು. 3 ರಲ್ಲಿ ಒಂದನ್ನು ಹುಡುಕಲು ಕೆಟ್ಟ ಸಂದರ್ಭದಲ್ಲಿ 2 ಹೋಲಿಕೆ ಬೇಕು, ಆದರೆ 2 ಹೋಲಿಕೆ 4 ಸಂದುಗಳನ್ನು ನಿಭಾಯಿಸಬಲ್ಲದು. ಒಂದು ಜಾಗ ಖಾಲಿ ಹೋಯಿತು. ನಾಲ್ಕನೆಯದಕ್ಕೆ 4 ಸಂದು, 2 ಹೋಲಿಕೆ, ಏನೂ ಸೋರಲಿಲ್ಲ. ಐದನೆಯದಕ್ಕೆ 5 ಸಂದು, 3 ಹೋಲಿಕೆ ಬೇಕು, ಅದು 8 ನಿಭಾಯಿಸಬಲ್ಲದು. ಮೂರು ಖಾಲಿ. ನಮ್ಮ ಹತ್ತಿರ ಇರುವುದು 128 ರಲ್ಲಿ 120. ಇಷ್ಟು ಸೋರಿಕೆಯನ್ನು ತಡೆದುಕೊಳ್ಳಲು ಆಗುವುದಿಲ್ಲ.

ಇನ್ನೊಂದು ದಾರಿ. `a` ಮತ್ತು `b` ಹೋಲಿಸಿ, `c` ಮತ್ತು `d` ಹೋಲಿಸಿ. ಪ್ರತಿ ಜೋಡಿಯಲ್ಲಿ ದೊಡ್ಡದನ್ನು `b`, `d` ಅಂತ ಕರೆಯೋಣ. ಈಗ ದೊಡ್ಡವೆರಡನ್ನು ಹೋಲಿಸಿ, ಅದರಲ್ಲಿ ದೊಡ್ಡದು `d` ಅಂತ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಹೆಸರು ಬದಲಿಸಿದರೆ ಆಯಿತು. ಮೂರು ಹೋಲಿಕೆ ಆಯಿತು. ಗೊತ್ತಿರುವುದು:

```
a < b < d
    c < d
e ಬಗ್ಗೆ ಏನೂ ಗೊತ್ತಿಲ್ಲ
```

ಪ್ರತಿ ಹೋಲಿಕೆಯೂ ಸರಿಯಾಗಿ ಅರ್ಧ ಮಾಡಿತು. 120, 60, 30, ಈಗ 15 ಕ್ರಮ ಉಳಿದಿವೆ. ನಮ್ಮ ಹತ್ತಿರ 4 ಹೋಲಿಕೆ ಬಾಕಿ, ಅದಕ್ಕೆ 16 ಎಲೆ. ಸರಿಯಾಗಿ ಹಿಡಿಸುತ್ತದೆ, ಒಂದು ಮಾತ್ರ ಖಾಲಿ.

ಈಗ `c` ಮುಟ್ಟಬೇಡಿ. ಮೊದಲು `e` ಯನ್ನು `a < b < d` ಸಾಲಿಗೆ ಸೇರಿಸಿ. 4 ಸಂದು, ಹಾಗಾಗಿ 2 ಹೋಲಿಕೆ: ಮೊದಲು `b` ಜೊತೆ, ಆಮೇಲೆ `a` ಅಥವಾ `d` ಜೊತೆ. ಒಟ್ಟು 5 ಆಯಿತು. ಕೊನೆಗೆ `c`. ಅದು `d` ಗಿಂತ ಚಿಕ್ಕದು ಅಂತ ಮೊದಲೇ ಗೊತ್ತು, ಹಾಗಾಗಿ `d` ಗಿಂತ ಕೆಳಗಿರುವವುಗಳ ನಡುವೆ ಮಾತ್ರ ಹುಡುಕಿದರೆ ಸಾಕು. `e` ಅನ್ನುವುದು `d` ಗಿಂತ ಚಿಕ್ಕದಾಗಿದ್ದರೆ ಕೆಳಗೆ ಮೂರು ಐಟಂ, 4 ಸಂದು, 2 ಹೋಲಿಕೆ. ದೊಡ್ಡದಾಗಿದ್ದರೆ ಕೆಳಗೆ ಎರಡೇ, 3 ಸಂದು, ಆಗಲೂ 2 ಹೋಲಿಕೆ ಸಾಕು. ಒಟ್ಟು 7.

ಎಣಿಸಿ ನೋಡಿ: `e` ಗೆ ಮೂರು ಸಂದುಗಳಲ್ಲಿ ತಲಾ 4 ಕ್ರಮ, ನಾಲ್ಕನೆಯದರಲ್ಲಿ 3. ಒಟ್ಟು 15. ಮೇಲೆ ಬಂದದ್ದೇ ಬಂತು. `e` ಬಿಟ್ಟು `c` ಯನ್ನು ಮೊದಲು ಸೇರಿಸಿದ್ದರೆ ಅದಕ್ಕೆ 3 ಸಂದು, 2 ಹೋಲಿಕೆ, ಆಮೇಲೆ `e` ಗೆ 5 ಸಂದು, 3 ಹೋಲಿಕೆ, ಮತ್ತೆ 8 ಕ್ಕೆ ಬಂದು ನಿಲ್ಲುತ್ತಿತ್ತು.

ಮಂಜು_ಬ್ಯಾಕೆಂಡ್

ಕಾಗದದ ಮೇಲೆ ಹಾಕಿ ನೋಡಿದೆ, 7 ಬರುತ್ತದೆ. ಚೆನ್ನಾಗಿದೆ. ಆದರೆ 6 ರಲ್ಲಿ ಆಗುವುದೇ ಇಲ್ಲ ಅನ್ನುವುದಕ್ಕೆ ಟ್ರೀ ಬಿಟ್ಟು ಬೇರೆ ರೀತಿ ಹೇಳಿ. ಎಲೆ ಎಣಿಸುವುದು ತಲೆಗೆ ಹತ್ತುತ್ತದೆ, ಮನಸ್ಸಿಗೆ ಹತ್ತುತ್ತಿಲ್ಲ.

ಕರಾವಳಿ_ಕೋಡರ್

ನಿಮ್ಮ ಎದುರಿಗೆ ಕೂತು ಉತ್ತರ ಹೇಳುವವನು ಮೊದಲೇ ಯಾವ ಕ್ರಮವನ್ನೂ ನಿರ್ಧರಿಸಿಲ್ಲ ಅಂದುಕೊಳ್ಳಿ. ಅವನ ಹತ್ತಿರ 120 ಕ್ರಮಗಳ ಪಟ್ಟಿ ಇದೆ. ನೀವು "`a` ಚಿಕ್ಕದಾ `b` ಚಿಕ್ಕದಾ" ಅಂತ ಕೇಳಿದ ತಕ್ಷಣ ಅವನು ಪಟ್ಟಿಯನ್ನು ಎರಡು ಭಾಗ ಮಾಡುತ್ತಾನೆ, ಯಾವ ಭಾಗ ದೊಡ್ಡದೋ ಆ ಉತ್ತರ ಕೊಡುತ್ತಾನೆ. ಸುಳ್ಳು ಹೇಳುತ್ತಿಲ್ಲ, ಉಳಿದ ಪಟ್ಟಿಯಲ್ಲಿರುವ ಪ್ರತಿ ಕ್ರಮವೂ ಅವನು ಕೊಟ್ಟ ಎಲ್ಲ ಉತ್ತರಗಳಿಗೂ ಹೊಂದುತ್ತದೆ. ನೀವು ಯಾವ ಪ್ರಶ್ನೆ ಕೇಳಿದರೂ ಕನಿಷ್ಠ ಅರ್ಧ ಉಳಿಯುತ್ತದೆ. 120, 60, 30, 15, 8, 4, 2, 1. ಏಳು ಹೆಜ್ಜೆ. ಆರನೇ ಪ್ರಶ್ನೆ ಮುಗಿದಾಗ ಕನಿಷ್ಠ 2 ಕ್ರಮ ಉಳಿದಿರುತ್ತವೆ, ಆಗ ನೀವು ಯಾವುದನ್ನು ಹೇಳಿದರೂ ಅವನು ಇನ್ನೊಂದು ಅನ್ನಬಹುದು.

ನವೀನ್ ಕೇಳಿದ ನಾಳಿನ ಅಲ್ಗಾರಿದಮ್ ಕೂಡ ಇವನ ಎದುರೇ ಕೂರಬೇಕು. ಪ್ರಶ್ನೆ ಆರಿಸುವುದಷ್ಟೇ ಅದರ ಕೈಯಲ್ಲಿದೆ.

ಗಿರೀಶ್_ಡೇಟಾ

ಚರ್ಚೆ ಚೆನ್ನಾಗಿದೆ, ಆದರೆ ನಾನು ದಿನಾ ಮಾಡುವ ಕೆಲಸಕ್ಕೆ ಇದು ಹೊಂದುತ್ತಿಲ್ಲ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ರೀತಿಯ ಅಂಕಪಟ್ಟಿ ಡೇಟಾ ಬರುತ್ತದೆ. ಒಟ್ಟು ಅಂಕ 0 ಯಿಂದ 625. 8 ಲಕ್ಷ ಸಾಲು ಇದ್ದರೂ ನಾನು 626 ಡಬ್ಬಿ ಇಟ್ಟು, ಒಂದು ಸಲ ಓದಿ ಯಾವ ಅಂಕಕ್ಕೆ ಎಷ್ಟು ಜನ ಅಂತ ಎಣಿಸಿ, ಇನ್ನೊಂದು ಸಲ ಓದಿ ಅವರವರ ಜಾಗಕ್ಕೆ ಹಾಕುತ್ತೇನೆ. ಎರಡು ಸುತ್ತು, ಮುಗಿಯಿತು. log ಎಲ್ಲಿದೆ ಇಲ್ಲಿ? ನಿಮ್ಮ ಲೆಕ್ಕದ ಪ್ರಕಾರ ಕನಿಷ್ಠ ಒಂದೂವರೆ ಕೋಟಿ ಹೋಲಿಕೆ ಆಗಬೇಕಿತ್ತಲ್ಲ.

ಸುಧಾ_ಸಾಗರ

ಹೌದು, 8 ಲಕ್ಷ ಬೇರೆ ಬೇರೆ ಐಟಂ ಇದ್ದರೆ ಸುಮಾರು 1.45 ಕೋಟಿ. ಆದರೆ ನೀವು ಒಂದು ಹೋಲಿಕೆಯನ್ನೂ ಮಾಡಲಿಲ್ಲ ಗಿರೀಶ್. ಅಂಕವನ್ನೇ ವಿಳಾಸವಾಗಿ ಬಳಸಿದಿರಿ. `count[marks]` ಅಂದ ಕೂಡಲೇ ಒಂದೇ ಹೆಜ್ಜೆಯಲ್ಲಿ 626 ದಾರಿಗಳಲ್ಲಿ ಒಂದನ್ನು ಹಿಡಿದಿರಿ. ಟ್ರೀಯ ಪ್ರತಿ ಗಂಟಿನಿಂದ ಎರಡೇ ಕವಲು ಹೊರಡುತ್ತವೆ ಅನ್ನುವುದರ ಮೇಲೆ ನಮ್ಮ `2^h` ನಿಂತಿತ್ತು. ನೀವು ಆ ಷರತ್ತಿನಿಂದ ಹೊರಗೆ ನಿಂತಿದ್ದೀರಿ. ಮಿತಿ ಮುರಿಯಲಿಲ್ಲ, ಅದು ನಿಮಗೆ ಅನ್ವಯಿಸಲಿಲ್ಲ.

ಇದಕ್ಕೆ ಬೆಲೆಯೂ ಇದೆ. ಕೀ ಒಂದು ಚಿಕ್ಕ ಪೂರ್ಣಾಂಕ ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಅದೇ ಡೇಟಾವನ್ನು 10 ಅಂಕಿಯ ಫೋನ್ ನಂಬರ್ ಮೇಲೆ ಸಾರ್ಟ್ ಮಾಡಿ ಅಂದರೆ 1000 ಕೋಟಿ ಡಬ್ಬಿ ಇಡುತ್ತೀರಾ? ಆಗ ಒಂದೊಂದೇ ಅಂಕಿ ಹಿಡಿದು 10 ಸುತ್ತು ಹೊಡೆಯಬೇಕು, ಅದು ರ್‍ಯಾಡಿಕ್ಸ್ ಸಾರ್ಟ್. ಹೆಸರಿನ ಮೇಲೆ ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ಅಂದರೆ ಇನ್ನೂ ತೊಡಕು. ಹೋಲಿಕೆಯ ಸಾರ್ಟ್‌ಗೆ ಇದು ಯಾವುದೂ ಬೇಡ, ಎರಡು ಐಟಂ ಕೊಟ್ಟರೆ ಯಾವುದು ಮುಂದೆ ಅಂತ ಹೇಳುವ ಒಂದು ಫಂಕ್ಷನ್ ಸಾಕು.

ಗಿರೀಶ್_ಡೇಟಾ

ಒಪ್ಪಿದೆ. ಆದರೂ ಕೆಲಸದಲ್ಲಿ ಕೀಗಳು ಬಹುತೇಕ ಸಂಖ್ಯೆಗಳೇ. ಹಾಗಾಗಿ ಈ ಮಿತಿಯನ್ನು "ಸಾರ್ಟಿಂಗ್‌ನ ಮಿತಿ" ಅಂತ ಕರೆಯುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. ಹೋಲಿಕೆಯ ಮಿತಿ ಅನ್ನಿ.

ಅನಿಲ್_ಪೈಥಾನ್

ನನ್ನ ಅನುಭವ ಬೇರೆ. ಪೈಥಾನ್‌ನಲ್ಲಿ ಕಂಪ್ಯಾರಿಸನ್ ಎಣಿಸುವ ಕೋಡ್ ಹಾಕಿ 10 ಲಕ್ಷ ಸಂಖ್ಯೆಗಳ ಪಟ್ಟಿಯನ್ನು `sorted()` ಗೆ ಕೊಟ್ಟೆ. ಹೋಲಿಕೆ ಆದದ್ದು 999999. ಇದು ಡಬ್ಬಿ ಲೆಕ್ಕ ಅಲ್ಲ, ಶುದ್ಧ ಹೋಲಿಕೆ. ಹಾಗಾದರೆ n log n ಮಿತಿ ಎಲ್ಲಿ ಹೋಯಿತು?

ಕರಾವಳಿ_ಕೋಡರ್

ನಿಮ್ಮ ಪಟ್ಟಿ ಮೊದಲೇ ಏರಿಕೆ ಕ್ರಮದಲ್ಲಿ ಇತ್ತಾ?

ಅನಿಲ್_ಪೈಥಾನ್

ಹೌದು, `range` ನಿಂದ ಮಾಡಿದ್ದು.

ಕರಾವಳಿ_ಕೋಡರ್

ಅದಕ್ಕೇ. ಪೈಥಾನ್‌ಗೆ 2002 ರಲ್ಲಿ ಟಿಮ್ ಪೀಟರ್ಸ್ ಬರೆದ ಟಿಮ್‌ಸಾರ್ಟ್ ಮೊದಲೇ ಸಾಲಾಗಿರುವ ತುಂಡುಗಳನ್ನು ಹುಡುಕುತ್ತದೆ. ಪೂರ್ತಿ ಪಟ್ಟಿಯೇ ಒಂದು ತುಂಡಾದರೆ ಪಕ್ಕಪಕ್ಕದವನ್ನು ನೋಡುತ್ತಾ ಹೋಗಿ n-1 ರಲ್ಲಿ ಮುಗಿಸುತ್ತದೆ. ಟ್ರೀಯಲ್ಲಿ ಎಲ್ಲ ಎಲೆಗಳೂ ಒಂದೇ ಆಳದಲ್ಲಿ ಇರಬೇಕು ಅಂತ ಯಾರೂ ಹೇಳಿಲ್ಲ. ಸುಧಾ ಅವರ 3 ರ ಟ್ರೀಯಲ್ಲೇ ನೋಡಿ, `a b c` ಎಲೆ ಎರಡೇ ಹೋಲಿಕೆ ಆಳದಲ್ಲಿದೆ. ಕೆಲವು ಎಲೆ ಮೇಲೆ ಇರಬಹುದು. ಆದರೆ n-1 ಗಿಂತ ಮೇಲೆ ಯಾವುದೂ ಬರಲಾರದು, ಯಾಕೆಂದರೆ ಕೊನೆಯ ಕ್ರಮದಲ್ಲಿ ಅಕ್ಕಪಕ್ಕ ಬರುವ ಪ್ರತಿ ಜೋಡಿಯನ್ನೂ ನೇರವಾಗಿ ಹೋಲಿಸಲೇಬೇಕು. ಅವೆರಡರ ನಡುವೆ ಬೇರೆ ಯಾವುದೂ ಇಲ್ಲ, ಹಾಗಾಗಿ ಮೂರನೆಯದರ ಮೂಲಕ ತಿಳಿಯಲು ದಾರಿ ಇಲ್ಲ.

ನವೀನ_ಹೊಸಬ

ಹಾಗಾದರೆ ಇನ್ನೊಂದು ಆಸೆ. ಕೆಟ್ಟ ಸಂದರ್ಭ ಬಿಡಿ. ಅರ್ಧದಷ್ಟು ಇನ್‌ಪುಟ್‌ಗಳಿಗೆ ವೇಗವಾಗಿ, ಉಳಿದ ಅರ್ಧಕ್ಕೆ ಎಷ್ಟಾದರೂ ತೆಗೆದುಕೊಳ್ಳಲಿ, ಅಂಥ ಅಲ್ಗಾರಿದಮ್ ಇರಬಹುದಲ್ಲ?

ಸುಧಾ_ಸಾಗರ

ಈ ಪ್ರಶ್ನೆ ಕೇಳಿದ್ದು ಖುಷಿ ಆಯಿತು, ಯಾಕೆಂದರೆ ಉತ್ತರ ಮಿತಿಗಿಂತಲೂ ಆಶ್ಚರ್ಯದ್ದು. 1000 ಐಟಂ ಇಟ್ಟುಕೊಳ್ಳಿ. ಅರ್ಧ ಕ್ರಮಗಳಿಗೆ ಮಾತ್ರ ಚಿಕ್ಕ ದಾರಿ ಬೇಕು ಅಂದರೆ `1000!/2` ಎಲೆಗಳನ್ನು ಆ ಆಳದೊಳಗೆ ಹಿಡಿಸಬೇಕು. ಎರಡರಿಂದ ಭಾಗಿಸಿದರೆ log ನಲ್ಲಿ ಕಡಿಮೆಯಾಗುವುದು 1. ಒಂದೇ ಒಂದು ಹೋಲಿಕೆ ಉಳಿಯುತ್ತದೆ! 8530 ಇದ್ದದ್ದು 8529. ಸರಿ, 10 ಲಕ್ಷಕ್ಕೆ ಒಂದು ಕ್ರಮ ಮಾತ್ರ ವೇಗವಾಗಿ ಆಗಲಿ ಅನ್ನಿ. ಆಗಲೂ ಉಳಿಯುವುದು 20, ಅಂದರೆ 8510. 

ಇನ್ನು ಉಲ್ಟಾ ನೋಡಿ. 2000 ಹೋಲಿಕೆಯೊಳಗೆ ಮುಗಿಯುವ ಕ್ರಮಗಳು ಯಾವ ಅಲ್ಗಾರಿದಮ್‌ನಲ್ಲೂ `2^2000` ಮೀರಲಾರವು. ಒಟ್ಟು ಕ್ರಮಗಳು `2^8529` ಕ್ಕಿಂತ ಜಾಸ್ತಿ. ಅನಿಲ್ ಅವರ ಟಿಮ್‌ಸಾರ್ಟ್ ವೇಗವಾಗಿ ಮುಗಿಸುವ ಇನ್‌ಪುಟ್‌ಗಳು ಒಟ್ಟು ರಾಶಿಯಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದರೆ ನಿಜವಾದ ಡೇಟಾ ಆ ಕೆಲವೇ ಕ್ರಮಗಳ ಕಡೆಗೆ ವಾಲಿರುತ್ತದೆ, ದಿನಾಂಕದ ಪ್ರಕಾರ ಬಂದ ದಾಖಲೆಗೆ ನಾಲ್ಕು ಹೊಸ ಸಾಲು ಸೇರಿದ ಹಾಗೆ. ಅದಕ್ಕೇ ಅದು ಉಪಯೋಗಕ್ಕೆ ಬರುತ್ತದೆ. ಚೆನ್ನಾಗಿ ಕಲಸಿದ ಡೇಟಾ ಕೊಟ್ಟು ನೋಡಿ, ಎಣಿಕೆ 1.8 ಕೋಟಿಯ ಮೇಲೆ ಹೋಗುತ್ತದೆ.

ಸರಾಸರಿಗೂ ಇದೇ ಮಿತಿ. ಪಿವಟ್ ಅನ್ನು ಚೀಟಿ ಎತ್ತಿ ಆರಿಸಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಪವಿ_ತುಮಕೂರು

ಇದನ್ನೇ ಬೇರೆ ಕಡೆಗೂ ಹಾಕಬಹುದಾ? ನಾನು ದೊಡ್ಡ ಸಂಖ್ಯೆ ಹುಡುಕುವುದಕ್ಕೆ ಹಾಕಿದೆ. n ಐಟಂ, ಉತ್ತರ n ರಲ್ಲಿ ಒಂದು, ಹಾಗಾಗಿ n ಎಲೆ, log n ಹೋಲಿಕೆ ಸಾಕು. ಅಂದರೆ 1000 ರಲ್ಲಿ ದೊಡ್ಡದನ್ನು 10 ಹೋಲಿಕೆಯಲ್ಲಿ ಹುಡುಕಬಹುದು?

ಸುಧಾ_ಸಾಗರ

ಇಲ್ಲ ಪವಿ, 999 ಬೇಕು. ಎಲೆ ಎಣಿಸಿದರೆ ಸಿಗುವುದು "ಇದಕ್ಕಿಂತ ಕಡಿಮೆ ಆಗದು" ಅನ್ನುವ ಮಾತು, "ಇಷ್ಟು ಸಾಕು" ಅನ್ನುವುದಲ್ಲ. ದೊಡ್ಡದನ್ನು ಹುಡುಕುವಾಗ ಗೆದ್ದದ್ದು ಬಿಟ್ಟು ಪ್ರತಿ ಐಟಂ ಕೂಡ ಒಂದು ಸಲವಾದರೂ ಸೋಲಬೇಕು, ಒಂದು ಹೋಲಿಕೆಯಲ್ಲಿ ಒಂದೇ ಸೋಲು, ಹಾಗಾಗಿ n-1. ಎಲೆಗಳ ಲೆಕ್ಕಕ್ಕೆ ಈ ಕಾರಣ ಕಾಣುವುದೇ ಇಲ್ಲ. ಸಾರ್ಟಿಂಗ್‌ನಲ್ಲಿ ಎಲೆ ಲೆಕ್ಕ ಮತ್ತು ನಿಜ ಇಷ್ಟು ಹತ್ತಿರ ಇರುವುದು ಸಾರ್ಟಿಂಗ್‌ನ ವಿಶೇಷ.

ಮಂಜು_ಬ್ಯಾಕೆಂಡ್

ಹಾಗಾದರೆ ಸಾರ್ಟಿಂಗ್‌ನಲ್ಲಿ ಯಾವಾಗಲೂ `log2(n!)` ಮೇಲಕ್ಕೆ ದುಂಡಾಗಿಸಿದರೆ ಅದೇ ಸರಿಯಾದ ಉತ್ತರ ಅನ್ನಬಹುದಾ? 5 ಕ್ಕೆ 7 ಬಂತು. ಮುಂದಿನವಕ್ಕೂ ಓಡಿಸಿದೆ.

```python
from math import factorial
for n in range(2, 13):
    print(n, (factorial(n) - 1).bit_length())
```

12 ಕ್ಕೆ 29 ಬರುತ್ತದೆ.

ಸುಧಾ_ಸಾಗರ

11 ರವರೆಗೆ ನಿಮ್ಮ ಪಟ್ಟಿ ಪೂರ್ತಿ ಸರಿ. 5 ಕ್ಕೆ ಮೇಲೆ ಮಾಡಿದ್ದನ್ನೇ ಎಲ್ಲ n ಗೂ ಬೆಳೆಸಿ 1959 ರಲ್ಲಿ ಫೋರ್ಡ್ ಮತ್ತು ಜಾನ್ಸನ್ ಒಂದು ವಿಧಾನ ಕೊಟ್ಟರು, ಅದು 11 ರವರೆಗೆ ಈ ಸಂಖ್ಯೆಗಳನ್ನು ಮುಟ್ಟುತ್ತದೆ. 12 ಕ್ಕೆ ಅದು ತೆಗೆದುಕೊಳ್ಳುವುದು 30. 29 ರಲ್ಲಿ ಆಗುತ್ತದಾ ಅಂತ ಮಾರ್ಕ್ ವೆಲ್ಸ್ 1965 ರಲ್ಲಿ ಕಂಪ್ಯೂಟರ್‌ನಲ್ಲಿ ಎಲ್ಲ ದಾರಿ ಜಾಲಾಡಿಸಿ ನೋಡಿದರು. ಆಗುವುದಿಲ್ಲ. 30 ಬೇಕೇ ಬೇಕು. ಆಮೇಲೆ ದೊಡ್ಡ n ಗಳಲ್ಲಿ ಫೋರ್ಡ್ ಮತ್ತು ಜಾನ್ಸನ್ ವಿಧಾನವನ್ನೂ ಮೀರಿಸಬಹುದು ಅಂತ 1979 ರಲ್ಲಿ ಮಾನಾಕರ್ ತೋರಿಸಿದರು. ಹಾಗಾಗಿ ಯಾವ n ಕೊಟ್ಟರೂ ಸರಿಯಾದ ಸಂಖ್ಯೆ ಹೇಳುವ ಸೂತ್ರ ಇವತ್ತಿಗೂ ಇಲ್ಲ.

ಮಂಜು_ಬ್ಯಾಕೆಂಡ್

ಜಾಲಾಡಿಸಿ ನೋಡಿದರು, ಸಿಗಲಿಲ್ಲ ಅನ್ನುವುದು ನನಗೆ ಕಾರಣ ಅನ್ನಿಸುವುದಿಲ್ಲ. ಜಾಗ ಇಕ್ಕಟ್ಟಾಯಿತು ಅಂತಲಾ?

ಸುಧಾ_ಸಾಗರ

ಇಕ್ಕಟ್ಟು ಅನ್ನುವುದು ಮಾತ್ರ ಕಾರಣ ಆಗಲಾರದು, ಲೆಕ್ಕ ಹಾಕಿ ನೋಡಿ. 5 ರಲ್ಲಿ 128 ಎಲೆಗಳಿಗೆ 120 ಕ್ರಮ, ಅಂದರೆ ನೂರಕ್ಕೆ 94 ತುಂಬಿತ್ತು, ಆದರೂ ಸಾಧ್ಯವಾಯಿತು. 12 ರಲ್ಲಿ `2^29` ಎಲೆಗಳಿಗೆ 479001600 ಕ್ರಮ, ನೂರಕ್ಕೆ 89 ಮಾತ್ರ. ಜಾಗ ಇಲ್ಲೇ ಸಡಿಲ ಇದೆ. ಆದರೆ ಪ್ರತಿ ಹಂತದಲ್ಲೂ ಉಳಿದ ಕ್ರಮಗಳನ್ನು ಸುಮಾರು ಸಮವಾಗಿ ಒಡೆಯುವ ಜೋಡಿ ಸಿಗಬೇಕು, 29 ಸಲವೂ, ಎಲ್ಲ ಕವಲುಗಳಲ್ಲೂ. ಎಲ್ಲೋ ಒಂದು ಕಡೆ ಅಂಥ ಜೋಡಿ ಇರುವುದಿಲ್ಲ. ಅದು ಯಾಕೆ 12 ರಲ್ಲೇ ಮೊದಲು ಆಗುತ್ತದೆ ಅನ್ನುವುದಕ್ಕೆ ಕಾಗದದ ಮೇಲೆ ಬರೆಯುವಷ್ಟು ಚಿಕ್ಕ ಕಾರಣವನ್ನು ನಾನು ಎಲ್ಲೂ ನೋಡಿಲ್ಲ.

ನವೀನ_ಹೊಸಬ

ಹಾಗಾದರೆ 6 ಕ್ಕೆ 10 ಹೋಲಿಕೆಯ ಟ್ರೀಯನ್ನು ನಾನೇ ಕೈಯಲ್ಲಿ ಮಾಡಿ ನೋಡುತ್ತೇನೆ, 720 ಕ್ಕೆ 1024 ಎಲೆ ಇವೆ, ಸೋರಿಕೆಗೆ ಜಾಗ ಇದೆ. ಮೊದಲು ಮೂರು ಜೋಡಿ ಹೋಲಿಸುವುದು, ಆಮೇಲೆ ದೊಡ್ಡ ಮೂರನ್ನು ಸಾರ್ಟ್ ಮಾಡುವುದು. ಉಳಿದ ಮೂರರಲ್ಲಿ ಯಾವುದನ್ನು ಮೊದಲು ಸೇರಿಸಬೇಕು ಅನ್ನುವಲ್ಲಿ ನಿಂತಿದ್ದೇನೆ.

ಮಂಜು_ಬ್ಯಾಕೆಂಡ್

ಅತಿ ದೊಡ್ಡದರ ಜೋಡಿ ಬಿಟ್ಟು, ಮಧ್ಯದ್ದರ ಜೋಡಿಯಿಂದ ಶುರು ಮಾಡಿ. ಚಿಕ್ಕದರ ಜೋಡಿ ಹೇಗೂ ಸಾಲಿನ ತಲೆಗೆ ಹೋಗಿ ಕೂರುತ್ತದೆ, ಅದಕ್ಕೆ ಹೋಲಿಕೆಯೇ ಬೇಡ. ಮಧ್ಯದ್ದರ ಜೋಡಿಗೆ ಅದರ ಕೆಳಗೆ ಎರಡು ಐಟಂ, 3 ಸಂದು. ಕೊನೆಯದಕ್ಕೆ ಎಷ್ಟು ಸಂದು ಬರುತ್ತದೆ ಅಂತ ಎಣಿಸಿ ಹೇಳಿ, 5 ಬಂದರೆ ಒಟ್ಟು 11 ಆಗಿಬಿಡುತ್ತದೆ. ಆಗ ಕ್ರಮ ಬದಲಿಸಿ ದೊಡ್ಡದರ ಜೋಡಿಯನ್ನೇ ಮೊದಲು ಹಾಕಿ ನೋಡಬೇಕು.